ಆ್ಯಪ್‌ನಲ್ಲಿ 1,600, ತಟ್ಟೆಯಲ್ಲಿ 2,000: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಮೂವತ್ತೈದರ ಆಸುಪಾಸಿನ ಒಬ್ಬ ಮಹಿಳೆಯದು. ದಿನವಿಡೀ ಕುಳಿತು ಮಾಡುವ ಕೆಲಸ, ಸಂಜೆ ಒಂದಿಷ್ಟು ನಡಿಗೆ. ತೂಕ ಇಳಿಸಬೇಕೆಂದು ಊಟ ಬರೆದಿಡುವ ಆ್ಯಪ್ ಹಾಕಿಕೊಂಡಿದ್ದರು. ವಯಸ್ಸು, ಎತ್ತರ, ತೂಕ, ಓಡಾಟ ಎಲ್ಲ ಲೆಕ್ಕ ಹಾಕಿದ ಆ್ಯಪ್, ತೂಕ ಇದ್ದ ಹಾಗೇ ಇರಲು ಅವರಿಗೆ ದಿನಕ್ಕೆ ಸುಮಾರು 2,000 ಕ್ಯಾಲೊರಿ ಬೇಕು ಎಂದಿತ್ತು. ಇಳಿಸಬೇಕಾದರೆ 1,600. ಅವರು ಅದನ್ನು ಶ್ರದ್ಧೆಯಿಂದ ಪಾಲಿಸಿದರು. ಐದು ವಾರಗಳ ಡೈರಿಯಲ್ಲಿ ಒಂದು ಹೊತ್ತಿನ ಊಟವೂ ಬಿಟ್ಟುಹೋಗಿರಲಿಲ್ಲ. ದಿನದ ಸರಾಸರಿ 1,610. ಆದರೆ ತೂಕ ಮಾತ್ರ ಇದ್ದಲ್ಲೇ ಇತ್ತು.

ನನ್ನ ಬಳಿ ಸಲಹೆಗೆ ಬಂದಾಗ ಅವರು ಮೊದಲು ಕೇಳಿದ್ದು, "ನನ್ನ ಮೆಟಬಾಲಿಸಂ ಕೆಟ್ಟಿದೆಯಾ ಮೇಡಂ?" ಅಂತ. ಥೈರಾಯ್ಡ್ ಪರೀಕ್ಷೆಯನ್ನು ಅವರು ಆಗಲೇ ಮಾಡಿಸಿಕೊಂಡಿದ್ದರು, ಅದು ಸರಿಯಾಗಿತ್ತು. ಇಂಥ ಸಂದರ್ಭದಲ್ಲಿ ನಾನು ಮೊದಲು ನೋಡುವುದು ದೇಹವನ್ನಲ್ಲ, ಡೈರಿಯನ್ನು. ಬರೆಯುವವರು ಸುಳ್ಳು ಬರೆಯುತ್ತಾರೆ ಎಂಬ ಅನುಮಾನ ಇದಕ್ಕೆ ಕಾರಣವಲ್ಲ. ಅವರು ಆಯ್ಕೆ ಮಾಡಿಕೊಳ್ಳುವ ಎಂಟ್ರಿಗಳೇ, ಅಂದರೆ ಒಂದೊಂದು ತಿನಿಸಿಗೆ ಆ್ಯಪ್ ಇಟ್ಟುಕೊಂಡಿರುವ ಅಂಕಿಗಳೇ, ತಪ್ಪಾಗಿರುವುದು ಬಹಳ ಸಾಮಾನ್ಯ.

ಆ್ಯಪ್‌ನೊಳಗಿನ ಎಂಟ್ರಿಗಳು ಎಲ್ಲಿಂದ ಬರುತ್ತವೆ ಎಂದು ತಿಳಿದರೆ ಇದು ಅರ್ಥವಾಗುತ್ತದೆ. ಒಂದಷ್ಟು ಎಂಟ್ರಿಗಳು ಪ್ರಯೋಗಾಲಯದಲ್ಲಿ ಅಳೆದ ಮಾಹಿತಿಯವು. ಅಮೆರಿಕದ ಕೃಷಿ ಇಲಾಖೆ ನಡೆಸುವ ಫುಡ್‌ಡೇಟಾ ಸೆಂಟ್ರಲ್ ಅಂಥದ್ದೊಂದು ಮೂಲ. ಅನ್ನ, ಮೊಟ್ಟೆ, ಬಾಳೆಹಣ್ಣಿನಂಥ ಸಾದಾ ಪದಾರ್ಥಗಳ ಲೆಕ್ಕ ಅಲ್ಲಿ ಚೆನ್ನಾಗಿರುತ್ತದೆ. ಇನ್ನೊಂದಷ್ಟನ್ನು ತಯಾರಕರೇ ಕೊಟ್ಟಿರುತ್ತಾರೆ. ಆದರೆ ಹಲವು ಆ್ಯಪ್‌ಗಳಲ್ಲಿ ಪ್ಯಾಕೆಟ್ ತಿನಿಸು ಮತ್ತು ಹೋಟೆಲ್ ತಿನಿಸುಗಳ ದೊಡ್ಡ ಪಾಲನ್ನು ತುಂಬಿದವರು ನಮ್ಮ ನಿಮ್ಮಂಥ ಬಳಕೆದಾರರು. ಯಾರೋ ಒಬ್ಬರು ಹಸಿವಿನಲ್ಲಿ, ಅವಸರದಲ್ಲಿ, ಲೇಬಲ್ ನೋಡಿಕೊಂಡು ಐದಾರು ಅಂಕಿ ಒತ್ತಿರುತ್ತಾರೆ. ಅವರಿಗೆ ಬೇಕಾದದ್ದು ಅವತ್ತಿನ ಒಂದು ಲೆಕ್ಕ. ಅದೇ ಎಂಟ್ರಿಯನ್ನು ಆಮೇಲೆ ಸಾವಿರಾರು ಜನ ಬಳಸುತ್ತಾರೆ. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಅಂಕಿಗಳು ಕಂಪನಿಯಿಂದಲೇ ಬರುತ್ತವೆ ಎಂದು ಬಹಳ ಜನ ನಂಬಿದ್ದಾರೆ. ಬಾರ್‌ಕೋಡ್‌ನಲ್ಲಿ ಇರುವುದು ಆ ಉತ್ಪನ್ನದ ಗುರುತಿನ ಸಂಖ್ಯೆ ಮಾತ್ರ. ಕ್ಯಾಲೊರಿ ಅದರೊಳಗೆ ಇರುವುದಿಲ್ಲ. ಆ ಸಂಖ್ಯೆಗೆ ಯಾರು ಯಾವ ಮಾಹಿತಿ ಅಂಟಿಸಿದ್ದಾರೋ ಅದೇ ನಮ್ಮ ಪರದೆಗೆ ಬರುತ್ತದೆ.

ಅವರ ಐದು ವಾರದ ಡೈರಿಯಲ್ಲಿ ಮತ್ತೆ ಮತ್ತೆ ಬರುವ ತಿನಿಸುಗಳನ್ನು ಮಾತ್ರ ಹೆಕ್ಕಿದೆ. ಒಂದೇ ಒಂದು ಸಲ ತಿಂದ ಕೇಕಿನ ಎಂಟ್ರಿ ತಪ್ಪಿದ್ದರೆ ದೊಡ್ಡ ನಷ್ಟವಿಲ್ಲ. ದಿನಾ ತಿನ್ನುವುದರ ಎಂಟ್ರಿ ತಪ್ಪಿದ್ದರೆ ದಿನಾ ತಪ್ಪುತ್ತದೆ. ಹೆಕ್ಕಿದ ಮೇಲೆ ಕೈಗೆ ಬಂದವು ಮೂರು: ಪ್ರತಿದಿನ ಬೆಳಗಿನ ಮ್ಯೂಸ್ಲಿ, ವಾರಕ್ಕೆ ಎರಡು ಸಲ ಇನ್‌ಸ್ಟಂಟ್ ನೂಡಲ್ಸ್, ವಾರಕ್ಕೆ ಎರಡು ಸಲ ಹೋಟೆಲಿನಿಂದ ತರಿಸುವ ಚಿಕನ್ ಕ್ರೀಮ್ ಪಾಸ್ತಾ. ಮಾತಿನ ನಡುವೆ ನಾಲ್ಕನೆಯದೊಂದೂ ಹೊರಬಿತ್ತು. ಕಪ್‌ನಲ್ಲಿ ಬರುವ ಮೊಸರನ್ನು ಅವರು ಬಿಟ್ಟೇಬಿಟ್ಟಿದ್ದರು. "ಒಂದು ಕಪ್ಪಿಗೆ ಐನೂರಕ್ಕಿಂತ ಜಾಸ್ತಿ ಕ್ಯಾಲೊರಿ ತೋರಿಸ್ತು, ಬೇಡವೇ ಬೇಡ ಅನ್ನಿಸ್ತು" ಎಂದರು. ಸಾದಾ ಮೊಸರಿಗೆ ಐನೂರು! ಅಲ್ಲಿಂದಲೇ ಶುರು ಮಾಡಿದೆವು.

ಅಂಕಿಗಳೇ ಒಂದಕ್ಕೊಂದು ಹೊಂದದಿದ್ದಾಗ

ಯಾವುದೇ ಎಂಟ್ರಿಯನ್ನು ಪರೀಕ್ಷಿಸಲು ಒಂದು ಸುಲಭದ ಲೆಕ್ಕ ಇದೆ. ಒಂದು ಗ್ರಾಂ ಪ್ರೋಟೀನ್‌ಗೆ ಸುಮಾರು 4 ಕ್ಯಾಲೊರಿ, ಒಂದು ಗ್ರಾಂ ಕಾರ್ಬ್‌ಗೆ 4, ಒಂದು ಗ್ರಾಂ ಕೊಬ್ಬಿಗೆ 9. ಎಂಟ್ರಿಯಲ್ಲಿರುವ ಮೂರನ್ನೂ ಹೀಗೆ ಗುಣಿಸಿ ಕೂಡಿ, ಅಲ್ಲೇ ಬರೆದಿರುವ ಕ್ಯಾಲೊರಿಯ ಜೊತೆ ಹೋಲಿಸಬೇಕು. ಎರಡೂ ಹತ್ತಿರ ಹತ್ತಿರ ಇದ್ದರೆ ಸರಿ. ನೂರಕ್ಕೆ ಹತ್ತು ಹದಿನೈದಕ್ಕಿಂತ ಹೆಚ್ಚು ದೂರ ಇದ್ದರೆ ಆ ಎಂಟ್ರಿಯನ್ನು ನಾನು ನಂಬುವುದಿಲ್ಲ.

ಮೊಸರಿನ ಎಂಟ್ರಿಯಲ್ಲಿ 100 ಗ್ರಾಂಗೆ ಹೀಗಿತ್ತು: ಪ್ರೋಟೀನ್ 5 ಗ್ರಾಂ, ಕಾರ್ಬ್ 6 ಗ್ರಾಂ, ಕೊಬ್ಬು 5 ಗ್ರಾಂ, ಕ್ಯಾಲೊರಿ 372. ಲೆಕ್ಕ ಹಾಕಿದರೆ 20, 24 ಮತ್ತು 45, ಒಟ್ಟು 89. ಬರೆದಿರುವುದು ಅದರ ನಾಲ್ಕು ಪಟ್ಟಿಗಿಂತ ತುಸು ಜಾಸ್ತಿ. ಈ "ನಾಲ್ಕಕ್ಕಿಂತ ತುಸು ಜಾಸ್ತಿ" ಎಂಬುದೇ ಕಾರಣವನ್ನು ಹೇಳುತ್ತದೆ. ಹಲವು ದೇಶಗಳ ಲೇಬಲ್ ಮೇಲೆ ಶಕ್ತಿಯನ್ನು ಕಿಲೊ ಜೂಲ್ ಮತ್ತು ಕಿಲೊ ಕ್ಯಾಲೊರಿ ಎರಡರಲ್ಲೂ ಅಚ್ಚು ಹಾಕಿರುತ್ತಾರೆ, kJ ಮೊದಲು, kcal ಆಮೇಲೆ. ನಾವು ಮಾತಿನಲ್ಲಿ ಕ್ಯಾಲೊರಿ ಎನ್ನುವುದು ಈ ಕಿಲೊ ಕ್ಯಾಲೊರಿಯನ್ನೇ. ಒಂದು ಕಿಲೊ ಕ್ಯಾಲೊರಿ ಎಂದರೆ 4.184 ಕಿಲೊ ಜೂಲ್. ಎಂಟ್ರಿ ಮಾಡಿದವರು ಮೊದಲು ಕಂಡ ಅಂಕಿಯನ್ನೇ ಒತ್ತಿದ್ದರು. 150 ಗ್ರಾಂನ ಕಪ್ಪಿಗೆ ಆ್ಯಪ್ 558 ತೋರಿಸುತ್ತಿತ್ತು. ನಿಜಕ್ಕೂ ಇರುವುದು 134ರ ಆಸುಪಾಸು. ಅವರಿಗೆ ಇಷ್ಟವಾದ, ಹೊಟ್ಟೆ ತುಂಬಿಸುವ ಒಂದು ತಿನಿಸನ್ನು ಒಂದು ತಪ್ಪು ಅಂಕಿ ಕಿತ್ತುಕೊಂಡಿತ್ತು. ಎಂಟ್ರಿ ತಪ್ಪು ಎಂದರೆ ಕ್ಯಾಲೊರಿ ಕಡಿಮೆ ತೋರಿಸುವುದು ಮಾತ್ರ ಎಂದುಕೊಂಡಿರುತ್ತೇವೆ. ಹೀಗೆ ಜಾಸ್ತಿ ತೋರಿಸುವುದರಿಂದ ಆಗುವ ನಷ್ಟ ನನಗೆ ಇನ್ನೂ ಬೇಸರ ತರುತ್ತದೆ.

ನೂಡಲ್ಸ್‌ನ ತಪ್ಪು ಇಷ್ಟು ಎದ್ದು ಕಾಣುತ್ತಿರಲಿಲ್ಲ. ಎಂಟ್ರಿಯಲ್ಲಿ ಇದ್ದದ್ದು: ಒಂದು ಪ್ಯಾಕ್, ಕ್ಯಾಲೊರಿ 270, ಪ್ರೋಟೀನ್ 9 ಗ್ರಾಂ, ಕಾರ್ಬ್ 62 ಗ್ರಾಂ, ಕೊಬ್ಬು 18 ಗ್ರಾಂ. ಸುಮ್ನೆ ನೋಡಿದರೆ ಎಲ್ಲವೂ ನಂಬುವ ಹಾಗೇ ಇದೆ. ಕೂಡಿ ನೋಡಿದರೆ 36, 248, 162. ಒಟ್ಟು 446. ಬರೆದಿರುವುದು 270. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.65 ಬರುತ್ತದೆ.

ಪ್ಯಾಕೆಟ್ ತರಿಸಿ ನೋಡಿದಾಗ ಗಂಟು ಬಿಚ್ಚಿತು. ಲೇಬಲ್‌ನಲ್ಲಿ ಎರಡು ಸಾಲು ಇದ್ದವು. ಒಂದು 100 ಗ್ರಾಂಗೆ, ಇನ್ನೊಂದು ಒಂದು ಸರ್ವಿಂಗ್‌ಗೆ. ಸರ್ವಿಂಗ್ ಎಂದರೆ 60 ಗ್ರಾಂ. ಇಡೀ ಪ್ಯಾಕೆಟ್ 120 ಗ್ರಾಂ, ಅಂದರೆ ಎರಡು ಸರ್ವಿಂಗ್. 100 ಗ್ರಾಂನ ಸಾಲಿನಲ್ಲಿ 450 ಕ್ಯಾಲೊರಿ, ಸರ್ವಿಂಗ್ ಸಾಲಿನಲ್ಲಿ 270. ಎಂಟ್ರಿ ಮಾಡಿದವರು ಕ್ಯಾಲೊರಿಯನ್ನು ಸರ್ವಿಂಗ್ ಸಾಲಿನಿಂದ ತೆಗೆದುಕೊಂಡು, ಉಳಿದ ಮೂರನ್ನು 100 ಗ್ರಾಂ ಸಾಲಿನಿಂದ ಬರೆದಿದ್ದರು. 100ನ್ನು 60ರಿಂದ ಭಾಗಿಸಿದರೆ 1.67. ನಮಗೆ ಸಿಕ್ಕಿದ್ದ 1.65ಕ್ಕೆ ಇದು ಪಕ್ಕದಲ್ಲೇ ಇದೆ. ಲೇಬಲ್‌ನ ಅಂಕಿಗಳನ್ನು ಸಮೀಪದ ಪೂರ್ಣ ಅಂಕಿಗೆ ತಂದು ಬರೆಯುವುದರಿಂದ ಮತ್ತು ನಾರಿನ ಕ್ಯಾಲೊರಿ ನಮ್ಮ ಲೆಕ್ಕದಲ್ಲಿ ಇಲ್ಲದ್ದರಿಂದ ಇಷ್ಟು ವ್ಯತ್ಯಾಸ ಬಂದೇ ಬರುತ್ತದೆ.

ಅದರ ಮೇಲೆ "ಒಂದು ಪ್ಯಾಕ್" ಎಂಬ ಹೆಸರೂ ತಪ್ಪು. 270 ಎಂಬುದು ಅರ್ಧ ಪ್ಯಾಕೆಟ್‌ನದು. ಇವರು ತಿನ್ನುತ್ತಿದ್ದದ್ದು ಪೂರ್ತಿ ಪ್ಯಾಕೆಟ್, ಮಸಾಲೆ ಮತ್ತು ಎಣ್ಣೆಯ ಪುಟ್ಟ ಪೊಟ್ಟಣಗಳ ಸಮೇತ. ಅದು 540 ಕ್ಯಾಲೊರಿ. ಪ್ರತಿ ಸಲವೂ 270 ಲೆಕ್ಕದಿಂದ ಜಾರಿಹೋಗುತ್ತಿತ್ತು. ಇಲ್ಲಿ ಇನ್ನೊಂದು ವಿಷಯವನ್ನೂ ನೋಡಿಕೊಳ್ಳಬೇಕು. ಕೆಲವು ನೂಡಲ್ಸ್, ಸೂಪ್‌ಗಳ ಲೇಬಲ್ ಮೇಲೆ ನೀರು ಹಾಕಿ ಬೇಯಿಸಿದ ಮೇಲಿನ 100 ಗ್ರಾಂ ಲೆಕ್ಕ ಇರುತ್ತದೆ. ಒಣ ಪ್ಯಾಕೆಟ್ ತೂಕವನ್ನು ಆ ಅಂಕಿಯಿಂದ ಗುಣಿಸಿದರೆ ಉತ್ತರ ತೀರಾ ಕಡಿಮೆ ಬರುತ್ತದೆ. ಒಣದ್ದೋ, ಬೇಯಿಸಿದ್ದೋ ಎಂದು ಸಾಲಿನ ತಲೆಬರಹ ಓದಿಕೊಳ್ಳದೆ ಅಂಕಿ ಮುಟ್ಟಬಾರದು.

ಈ ಕೂಡುವ ಪರೀಕ್ಷೆ ಕೈಕೊಡುವ ಜಾಗಗಳೂ ಇವೆ. ನಾರು ಹೆಚ್ಚಿರುವ ತಿನಿಸಿನಲ್ಲಿ ಉತ್ತರ ಸ್ವಲ್ಪ ಅತ್ತಿತ್ತ ಆಗುತ್ತದೆ, ಯಾಕೆಂದರೆ ಒಂದು ಗ್ರಾಂ ನಾರಿಗೆ ಸುಮಾರು 2 ಕ್ಯಾಲೊರಿ ಮಾತ್ರ. ಯುರೋಪಿನ ಲೇಬಲ್‌ಗಳಲ್ಲಿ ಕಾರ್ಬ್ ಅಂಕಿಯೊಳಗೆ ನಾರು ಸೇರಿರುವುದಿಲ್ಲ, ಅಮೆರಿಕದ ಲೇಬಲ್‌ಗಳಲ್ಲಿ ಸೇರಿರುತ್ತದೆ. ಸಕ್ಕರೆ ಇಲ್ಲದ ಸಿಹಿಗಳಲ್ಲಿ ಬಳಸುವ ಮಾಲ್ಟಿಟಾಲ್‌ನಂಥವು ಕಾರ್ಬ್ ಎಂದೇ ಲೆಕ್ಕವಾದರೂ ಅವುಗಳ ಕ್ಯಾಲೊರಿ 4ಕ್ಕಿಂತ ಕಡಿಮೆ. ಮದ್ಯದಲ್ಲಂತೂ ಆಲ್ಕೊಹಾಲ್‌ಗೇ ಗ್ರಾಂಗೆ 7 ಕ್ಯಾಲೊರಿ ಇದೆ, ಅದು ಆ ಮೂರರಲ್ಲಿ ಯಾವುದರಲ್ಲೂ ಕಾಣುವುದಿಲ್ಲ. ಈ ಕೆಲವನ್ನು ಬಿಟ್ಟರೆ ಲೇಬಲ್ ನೋಡಿ ಬರೆಯುವಾಗ ಆದ ತಪ್ಪನ್ನು ಈ ಪರೀಕ್ಷೆ ಚೆನ್ನಾಗಿ ಹಿಡಿಯುತ್ತದೆ.

ಅಂಕಿಗಳೆಲ್ಲ ಹೊಂದಿದರೂ ತಪ್ಪಿದ್ದಾಗ

ಮ್ಯೂಸ್ಲಿ ಎಂಟ್ರಿ ಆ ಪರೀಕ್ಷೆಯಲ್ಲಿ ಪಾಸಾಯಿತು. ಲೇಬಲ್ ಪ್ರಕಾರ 100 ಗ್ರಾಂಗೆ 410 ಕ್ಯಾಲೊರಿ, 40 ಗ್ರಾಂನ ಸರ್ವಿಂಗ್‌ಗೆ 164. ಆ್ಯಪ್‌ನಲ್ಲೂ 164 ಇತ್ತು. ಪ್ರೋಟೀನ್, ಕಾರ್ಬ್, ಕೊಬ್ಬು ಎಲ್ಲವೂ ಲೇಬಲ್‌ನ ಸರ್ವಿಂಗ್ ಸಾಲಿನದ್ದೇ. ಹಾಲನ್ನು ಅವರು ಬೇರೆಯಾಗಿ, ಅಳತೆ ಲೋಟದಲ್ಲಿ ಅಳೆದು ಬರೆಯುತ್ತಿದ್ದರು. ಹಾಗಾದರೆ ತೊಂದರೆ ಎಲ್ಲಿ?

ತೊಂದರೆ ಇದ್ದದ್ದು ಅಳತೆಯ ಹೆಸರಿನಲ್ಲಿ. ಎಂಟ್ರಿಯಲ್ಲಿ "1 ಬೌಲ್" ಎಂದಿತ್ತು. 40 ಗ್ರಾಂ ಎಂದು ಎಲ್ಲೂ ಇರಲಿಲ್ಲ. ತುಂಬಿದವರ ಮನೆಯ ಬೌಲ್ ಎಷ್ಟು ದೊಡ್ಡದೋ ಗೊತ್ತಿಲ್ಲ. ಇವರು ತಮ್ಮ ಬೌಲ್ ತುಂಬಿಸಿ ಒಂದು ಎಂದು ಒತ್ತುತ್ತಿದ್ದರು. "ಬೌಲ್ ಅಂತಾನೇ ಇದೆಯಲ್ಲ ಮೇಡಂ" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಆ್ಯಪ್ ಕೇಳಿದ್ದಕ್ಕೆ ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ಅಡುಗೆಮನೆ ತಕ್ಕಡಿಯ ಮೇಲೆ ಖಾಲಿ ಬೌಲ್ ಇಟ್ಟು, ಸೊನ್ನೆ ಮಾಡಿ, ಎಂದಿನಂತೆ ಮ್ಯೂಸ್ಲಿ ಸುರಿಯಲು ಹೇಳಿದೆ. ಕಡಿಮೆ ಹಾಕಬೇಡಿ, ಜಾಸ್ತಿಯೂ ಬೇಡ, ಕೈಗೆ ಅಭ್ಯಾಸವಾದಷ್ಟೇ ಇರಲಿ ಎಂದೆ. ಮೂರು ದಿನ ಹೀಗೆ ತೂಗಿದರು. ಸರಾಸರಿ 82 ಗ್ರಾಂ. ಅಂದರೆ 336 ಕ್ಯಾಲೊರಿ. ಡೈರಿಯಲ್ಲಿದ್ದ 164ಕ್ಕಿಂತ 172 ಹೆಚ್ಚು. ಒಣಹಣ್ಣು, ಬೀಜಗಳಿರುವ ಮ್ಯೂಸ್ಲಿ ಸಣ್ಣ ಜಾಗದಲ್ಲೇ ಬಹಳ ತೂಗುತ್ತದೆ. ಹಾಗಾಗಿ ಕಣ್ಣಂದಾಜು ಇಂಥ ತಿನಿಸಿನಲ್ಲಿ ಬೇಗ ಮೋಸ ಹೋಗುತ್ತದೆ.

ಬೌಲ್, ಕಪ್, ಪ್ಲೇಟ್, ತುಂಡು, ಸರ್ವಿಂಗ್ ಎಂದು ಮಾತ್ರ ಇದ್ದು, ಪಕ್ಕದಲ್ಲಿ ಗ್ರಾಂ ಇಲ್ಲದಿದ್ದರೆ ಅಂಕಿಗಳು ಎಷ್ಟು ಚೆಂದ ಹೊಂದಿದರೂ ಆ ಎಂಟ್ರಿಯನ್ನು ಬಳಸಬಾರದು ಎಂಬುದು ನನ್ನ ನಿಲುವು. ಅದನ್ನು ಪರೀಕ್ಷಿಸಲು ದಾರಿಯೇ ಇರುವುದಿಲ್ಲ. ಗ್ರಾಂ ಇರುವ ಎಂಟ್ರಿ ತಪ್ಪಿದ್ದರೆ ಲೇಬಲ್ ಹಿಡಿದು ತಿದ್ದಬಹುದು.

ಹೋಟೆಲಿನ ಪಾಸ್ತಾ

ಇಲ್ಲಿ ಲೇಬಲ್ ಇಲ್ಲ. ಈ ಪ್ರಕರಣದಲ್ಲಿ ಅತಿ ದೊಡ್ಡ ವ್ಯತ್ಯಾಸ ಸಿಕ್ಕಿದ್ದೂ ಇಲ್ಲೇ.

ಆ ಹೋಟೆಲಿನ ಹೆಸರಿನಲ್ಲಿ ಆ್ಯಪ್‌ನಲ್ಲಿ ಎಂಟ್ರಿ ಇರಲಿಲ್ಲ. ಇವರು "ಚಿಕನ್ ಕ್ರೀಮ್ ಪಾಸ್ತಾ" ಎಂದು ಹುಡುಕಿ ಮೊದಲು ಬಂದದ್ದನ್ನು ಆರಿಸಿಕೊಂಡಿದ್ದರು. ಒಂದು ಪ್ಲೇಟ್, 410 ಕ್ಯಾಲೊರಿ. ಎಂಟ್ರಿಯನ್ನು ಒತ್ತಿ ಒಳಗೆ ಹೋದರೆ ಮಾತ್ರ ಕಾಣುವಂತೆ, ಪ್ಲೇಟ್ ಎಂದರೆ 250 ಗ್ರಾಂ ಎಂದು ಸಣ್ಣ ಅಕ್ಷರದಲ್ಲಿತ್ತು. ಯಾರೋ ಮನೆಯಲ್ಲಿ ಮಾಡಿ, ಪಾಲು ಮಾಡಿ ಬರೆದ ಲೆಕ್ಕ ಇರಬೇಕು ಎನಿಸಿತು.

ಮುಂದಿನ ಸಲ ಪಾಸ್ತಾ ಬಂದಾಗ ತಿನ್ನುವ ಮೊದಲು ತೂಗಿದರು. ಡಬ್ಬಿ ಸಮೇತ 565 ಗ್ರಾಂ. ತಿಂದಾದ ಮೇಲೆ ಖಾಲಿ ಡಬ್ಬಿ 45 ಗ್ರಾಂ. ಒಳಗಿದ್ದದ್ದು 520 ಗ್ರಾಂ. ಎಂಟ್ರಿಯ ಪ್ಲೇಟ್‌ಗಿಂತ ಎರಡು ಪಟ್ಟು ಜಾಸ್ತಿ!

ತಿನ್ನುವ ಮೊದಲೇ ಅವರು ಇನ್ನೊಂದು ಕೆಲಸ ಮಾಡಿದ್ದರು. ಚಿಕನ್ ತುಂಡುಗಳನ್ನು ಹೆಕ್ಕಿ ಬೇರೆ ತೂಗಿದ್ದರು, 90 ಗ್ರಾಂ. ಉಳಿದದ್ದನ್ನು ಜರಡಿಗೆ ಹಾಕಿ ಸಾಸ್ ಇಳಿಯಲು ಬಿಟ್ಟಿದ್ದರು. ಪಾಸ್ತಾ 260 ಗ್ರಾಂ, ಸಾಸ್ 170 ಗ್ರಾಂ. ಇದು ಪ್ರತಿ ಸಲ ಮಾಡುವ ಕೆಲಸವಲ್ಲ. ಮತ್ತೆ ಮತ್ತೆ ತಿನ್ನುವ ಒಂದು ತಿನಿಸಿಗೆ ಒಂದು ಸಲ ಮಾಡಿಟ್ಟರೆ ಸಾಕು.

ಈಗ ಒಂದೊಂದನ್ನೇ ಲೆಕ್ಕ ಹಾಕಬಹುದು. ಬೇಯಿಸಿದ ಪಾಸ್ತಾಗೆ 100 ಗ್ರಾಂಗೆ ಸುಮಾರು 158 ಕ್ಯಾಲೊರಿ. 260 ಗ್ರಾಂಗೆ 411. ಇಲ್ಲಿ ಎಚ್ಚರ ಬೇಕು. ಆ್ಯಪ್‌ನಲ್ಲಿ ಬರೀ "ಪಾಸ್ತಾ" ಎಂದು ಹುಡುಕಿದರೆ ಒಣ ಪಾಸ್ತಾದ ಎಂಟ್ರಿ ಮೊದಲು ಬರಬಹುದು, ಅದು 100 ಗ್ರಾಂಗೆ ಸುಮಾರು 370. ಅದನ್ನು ಹಿಡಿದರೆ ಪಾಸ್ತಾ ಒಂದಕ್ಕೇ 960 ಬಂದು ಕೂರುತ್ತದೆ. ಬೆಂದ ಪಾಸ್ತಾ ನೀರು ಹೀರಿ ಎರಡು ಪಟ್ಟಿಗಿಂತ ಹೆಚ್ಚು ತೂಗುತ್ತದೆ, ಕ್ಯಾಲೊರಿ ಮಾತ್ರ ಅಷ್ಟೇ ಇರುತ್ತದೆ. ಬೇಯಿಸಿದ ಚಿಕನ್ ಎದೆಭಾಗಕ್ಕೆ 100 ಗ್ರಾಂಗೆ ಸುಮಾರು 165, ಹಾಗಾಗಿ 90 ಗ್ರಾಂಗೆ 149.

ಗೊತ್ತಿಲ್ಲದೆ ಉಳಿದದ್ದು ಸಾಸ್. ಹಾಲು, ಹಿಟ್ಟು ಹಾಕಿ ದಪ್ಪ ಮಾಡಿದ ತೆಳು ಸಾಸ್ ಆದರೆ 100 ಗ್ರಾಂಗೆ 150ರ ಆಸುಪಾಸು ಎಂದು ಹಿಡಿಯಬಹುದು. ಕ್ರೀಮ್, ಬೆಣ್ಣೆ ಧಾರಾಳವಾಗಿದ್ದರೆ 250. ಅಡುಗೆಮನೆಗೆ ಹೋಗಿ ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲು ಆಗದು. ಹಾಗಾಗಿ ಎರಡೂ ತುದಿ ಇಟ್ಟುಕೊಂಡೆವು. 170 ಗ್ರಾಂ ಸಾಸ್‌ಗೆ ಕಡಿಮೆ ಎಂದರೆ 255, ಹೆಚ್ಚೆಂದರೆ 425. ಇಡೀ ಡಬ್ಬಿಗೆ 815ರಿಂದ 985. ನಡುವಿನ ಅಂಕಿ 900. ಡೈರಿಯಲ್ಲಿ ಇದ್ದದ್ದು 410.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮ 900ನ್ನು 520 ಗ್ರಾಂಗೆ ಹಂಚಿದರೆ 100 ಗ್ರಾಂಗೆ 173. ಆ್ಯಪ್ ಎಂಟ್ರಿಯ 410ನ್ನು 250 ಗ್ರಾಂಗೆ ಹಂಚಿದರೆ 164. ಎರಡೂ ಹತ್ತಿರವೇ ಇವೆ! ಎಂಟ್ರಿ ಪಾಸ್ತಾದ ಬಗ್ಗೆ ತಪ್ಪು ಹೇಳಿರಲಿಲ್ಲ, ಪ್ಲೇಟಿನ ಬಗ್ಗೆ ತಪ್ಪು ಹೇಳಿತ್ತು. ಹೋಟೆಲ್ ತಿನಿಸಿನ ಎಂಟ್ರಿಗಳಲ್ಲಿ ನನಗೆ ಪದೇ ಪದೇ ಕಾಣುವುದು ಇದೇ. ಒಂದೇ ಬಗೆಯ ತಿನಿಸು ಎಲ್ಲಿ ಮಾಡಿದರೂ 100 ಗ್ರಾಂ ಲೆಕ್ಕದಲ್ಲಿ ಅಷ್ಟಾಗಿ ಬದಲಾಗುವುದಿಲ್ಲ, ಆದರೆ ಬಡಿಸುವ ಪ್ರಮಾಣ ಎರಡು ಪಟ್ಟು ಬದಲಾಗಬಹುದು. ಹಾಗಾಗಿ ಹತ್ತು ಎಂಟ್ರಿಗಳನ್ನು ಹೋಲಿಸುತ್ತಾ ಕೂರುವುದಕ್ಕಿಂತ ಒಂದು ಸಲ ತೂಗುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸುಮ್ನೆ 520 ಗ್ರಾಂ ಎಂದು ಅದೇ ಹಳೆಯ ಎಂಟ್ರಿಯಲ್ಲಿ ಹಾಕಿದ್ದರೂ 853 ಬರುತ್ತಿತ್ತು. ಜರಡಿ ಹಿಡಿಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಕರಿದ ತಿನಿಸು, ಎಣ್ಣೆಯಲ್ಲಿ ಹುರಿದ ಅನ್ನ, ಡ್ರೆಸಿಂಗ್ ಹಾಕಿದ ಸಲಾಡ್‌ಗಳಿಗೆ ಈ ಮಾತು ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 14 ಗ್ರಾಂ, 120 ಕ್ಯಾಲೊರಿ. ತೂಕದಲ್ಲಿ ಅದು ಗೊತ್ತೇ ಆಗುವುದಿಲ್ಲ, ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಅಂಥ ತಿನಿಸುಗಳಿಗೆ ತೂಕದ ಜೊತೆಗೆ ಎಣ್ಣೆಯನ್ನು ಒಂದೋ ಎರಡೋ ಚಮಚ ಎಂದು ಪ್ರತ್ಯೇಕ ಸಾಲಾಗಿ ಸೇರಿಸಲು ಹೇಳುತ್ತೇನೆ. ತಟ್ಟೆಯ ತಳದಲ್ಲಿ ಎಣ್ಣೆ ಉಳಿದಿದ್ದರೆ ಎರಡು ಎಂದೇ ಹಿಡಿಯುವುದು ಒಳ್ಳೆಯದು.

ದೊಡ್ಡ ಹೋಟೆಲ್ ಸರಪಳಿಗಳು ತಾವೇ ಕ್ಯಾಲೊರಿ ಪ್ರಕಟಿಸುತ್ತವಲ್ಲ, ಅದನ್ನು ನಂಬಬಹುದಾ ಎಂದು ಅವರು ಕೇಳಿದರು. ಯಾರೋ ತುಂಬಿದ ಎಂಟ್ರಿಗಿಂತ ಅದು ಖಂಡಿತ ಮೇಲು. ಆದರೆ ಅದು ನಿಗದಿ ಮಾಡಿದ ಪಾಕದ ಲೆಕ್ಕ. ಅವತ್ತು ಬಡಿಸಿದವರ ಕೈ ಎಷ್ಟು ಚೀಸ್ ಉದುರಿಸಿತು ಎಂಬುದು ಅದರಲ್ಲಿ ಇರುವುದಿಲ್ಲ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೋಟೆಲ್‌ಗಳ 269 ತಿನಿಸುಗಳನ್ನು ಪ್ರಯೋಗಾಲಯದಲ್ಲಿ ಅಳೆದರು. ಒಟ್ಟಾರೆ ಸರಾಸರಿ ಪ್ರಕಟಿಸಿದ ಅಂಕಿಗೆ ಹತ್ತಿರವೇ ಇತ್ತು. ಆದರೂ ನೂರಕ್ಕೆ 19ರಷ್ಟು ತಿನಿಸುಗಳಲ್ಲಿ ಹೇಳಿದ್ದಕ್ಕಿಂತ ಕನಿಷ್ಠ 100 ಕ್ಯಾಲೊರಿ ಜಾಸ್ತಿ ಇತ್ತು.

ತಿದ್ದಿದ್ದು ಹೇಗೆ

ಹುಡುಕಾಟದಲ್ಲಿ ಬರುವ ಸಾರ್ವಜನಿಕ ಎಂಟ್ರಿಯನ್ನು ತಿದ್ದಲು ಎಲ್ಲ ಆ್ಯಪ್‌ಗಳೂ ಬಿಡುವುದಿಲ್ಲ. ಕೆಲವು ಆ್ಯಪ್‌ಗಳಲ್ಲಿ ತಪ್ಪು ಇದೆ ಎಂದು ವರದಿ ಮಾಡಬಹುದು, ಮಾಡಿದೆವು ಕೂಡ. ಆದರೆ ಅದು ಸರಿಯಾಗಲಿ ಎಂದು ಕಾಯುತ್ತಾ ಕೂರಬಾರದು. ನಮ್ಮದೇ ಎಂಟ್ರಿ ಮಾಡಿಕೊಳ್ಳಬೇಕು.

ಮ್ಯೂಸ್ಲಿ, ನೂಡಲ್ಸ್, ಮೊಸರು ಮೂರಕ್ಕೂ ಅವರು ಹೊಸ ಎಂಟ್ರಿ ಮಾಡಿದರು. ಪ್ರಮಾಣದ ಜಾಗದಲ್ಲಿ 100 ಗ್ರಾಂ ಎಂದಿಟ್ಟು, ಲೇಬಲ್‌ನ 100 ಗ್ರಾಂ ಸಾಲನ್ನು ಬೆರಳಿಟ್ಟುಕೊಂಡು ಮೇಲಿನಿಂದ ಕೆಳಕ್ಕೆ ಬರೆದರು. ಬೆರಳಿಡುವುದು ಸಣ್ಣ ವಿಷಯ ಅನ್ನಿಸಬಹುದು. ನೂಡಲ್ಸ್‌ನಲ್ಲಿ ಆದ ತಪ್ಪು ಸಾಲು ತಪ್ಪಿದ್ದರಿಂದಲೇ ಆದದ್ದು, ಅಲ್ವಾ? ಸರ್ವಿಂಗ್ ಸಾಲು ಮಾತ್ರ ಇರುವ ಲೇಬಲ್ ಆದರೆ ಸರ್ವಿಂಗ್‌ನ ಗ್ರಾಂ ತೂಕವನ್ನೇ ಪ್ರಮಾಣವಾಗಿ ಹಾಕಬೇಕು, ಬೌಲ್ ಎಂದೋ ಕಪ್ ಎಂದೋ ಅಲ್ಲ. ಬರೆದಾದ ಮೇಲೆ 4, 4, 9ರ ಲೆಕ್ಕ ಮತ್ತೊಮ್ಮೆ. ಸೋಡಿಯಂ ಗಮನಿಸುವವರು ಇನ್ನೊಂದು ನೋಡಬೇಕು. ಕೆಲವು ಲೇಬಲ್‌ಗಳಲ್ಲಿ ಉಪ್ಪು ಗ್ರಾಂನಲ್ಲಿ, ಕೆಲವಲ್ಲಿ ಸೋಡಿಯಂ ಮಿಲಿಗ್ರಾಂನಲ್ಲಿ ಇರುತ್ತದೆ. ಉಪ್ಪಿನ ಗ್ರಾಂ ಅನ್ನು 2.5ರಿಂದ ಭಾಗಿಸಿದರೆ ಸೋಡಿಯಂ ಗ್ರಾಂನಲ್ಲಿ ಸಿಗುತ್ತದೆ, ಅದನ್ನು 1,000ದಿಂದ ಗುಣಿಸಿದರೆ ಮಿಲಿಗ್ರಾಂ.

ಎಂಟ್ರಿಯ ಹೆಸರಿನ ಕೊನೆಗೆ ತಿಂಗಳು, ವರ್ಷ ಸೇರಿಸಿದರು. ತಯಾರಕರು ಪಾಕ ಬದಲಿಸುತ್ತಿರುತ್ತಾರೆ, ಸಕ್ಕರೆ ಕಡಿಮೆ ಮಾಡುತ್ತಾರೆ, ಎಣ್ಣೆ ಬದಲಿಸುತ್ತಾರೆ. ಸಣ್ಣಪುಟ್ಟ ಬದಲಾವಣೆಗೆ ಬಾರ್‌ಕೋಡ್ ಬದಲಾಗದೇ ಇರಬಹುದು. ಆಗ ಹಳೆಯ ಪಾಕದ ಅಂಕಿಯೇ ಆ್ಯಪ್‌ನಲ್ಲಿ ಉಳಿದಿರುತ್ತದೆ. ಹೆಸರಿನಲ್ಲೇ ತಿಂಗಳಿದ್ದರೆ ಹೊಸ ಪ್ಯಾಕೆಟ್ ಒಡೆಯುವಾಗ ಲೇಬಲ್ ಒಮ್ಮೆ ನೋಡೋಣ ಎನ್ನಿಸುತ್ತದೆ.

ಪಾಸ್ತಾವನ್ನು ಆ್ಯಪ್‌ನ ರೆಸಿಪಿ ವಿಭಾಗದಲ್ಲಿ ಮಾಡಿಟ್ಟರು. ಬೇಯಿಸಿದ ಪಾಸ್ತಾ 260 ಗ್ರಾಂ, ಬೇಯಿಸಿದ ಚಿಕನ್ 90 ಗ್ರಾಂ, ಕ್ರೀಮ್ ಸಾಸ್ 170 ಗ್ರಾಂ. ಸಾಸ್‌ಗೆ 100 ಗ್ರಾಂಗೆ 200 ಕ್ಯಾಲೊರಿ ಇರುವ ಒಂದು ಎಂಟ್ರಿ. ಒಟ್ಟು ತೂಕ 520 ಗ್ರಾಂ ಎಂದು ಬರೆದು, ಬಡಿಸುವ ಪ್ರಮಾಣವನ್ನು ಗ್ರಾಂನಲ್ಲೇ ಇಟ್ಟರು. ಈಗ ಅವರು ಅರ್ಧ ತಿಂದು ಉಳಿದದ್ದನ್ನು ಫ್ರಿಡ್ಜ್‌ಗೆ ಇಟ್ಟರೆ ತಿಂದಷ್ಟರ ಲೆಕ್ಕ ತಾನಾಗಿ ಬರುತ್ತದೆ. ತಕ್ಕಡಿ ಇಲ್ಲದೆ ಹೋಟೆಲಿನಲ್ಲೇ ಕೂತು ತಿಂದರೆ ಮನೆಯಲ್ಲಿ ತೂಗಿದ ಆ ಡಬ್ಬಿಯ ಜೊತೆ ಕಣ್ಣಲ್ಲೇ ಹೋಲಿಸಿ ಮುಕ್ಕಾಲೋ, ಅಷ್ಟೇಯೋ ಎಂದು ಹಾಕಿಕೊಳ್ಳುತ್ತಾರೆ.

ಕೊನೆಯದಾಗಿ ಹಳೆಯ ತಪ್ಪು ಎಂಟ್ರಿಗಳನ್ನು ಫೇವರಿಟ್ ಪಟ್ಟಿಯಿಂದ ತೆಗೆದರು. ಇದನ್ನು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥವಾಗುವ ಸಂಭವ ಇದೆ, ಯಾಕೆಂದರೆ ಆ್ಯಪ್ ಹೆಚ್ಚು ಸಲ ಬಳಸಿದ್ದನ್ನೇ ಮೇಲೆ ತೋರಿಸುತ್ತದೆ ಮತ್ತು ಬೆರಳು ಅಲ್ಲಿಗೇ ಹೋಗುತ್ತದೆ.

ತಿದ್ದಿದ್ದು ಸರಿಯಾಯಿತಾ ಎಂದು ನೋಡಿದ್ದು

ಮೂರೂ ತಪ್ಪುಗಳನ್ನು ವಾರದ ಲೆಕ್ಕಕ್ಕೆ ತಂದೆವು. ಮ್ಯೂಸ್ಲಿ ದಿನಕ್ಕೆ 172, ಏಳು ದಿನಕ್ಕೆ 1,204. ನೂಡಲ್ಸ್ 270, ಎರಡು ಸಲಕ್ಕೆ 540. ಪಾಸ್ತಾ 490, ಎರಡು ಸಲಕ್ಕೆ 980. ಒಟ್ಟು 2,724. ದಿನಕ್ಕೆ ಹಂಚಿದರೆ 390ರ ಹತ್ತಿರ. ಡೈರಿಯ 1,610ಕ್ಕೆ ಇದನ್ನು ಸೇರಿಸಿದರೆ 2,000. ತೂಕ ಇದ್ದ ಹಾಗೇ ಇರಲು ಬೇಕು ಎಂದು ಆ್ಯಪ್ ಹೇಳಿದ್ದೂ 2,000.

ಇಷ್ಟು ಚೆನ್ನಾಗಿ ಹೊಂದಿದ್ದನ್ನು ನೋಡಿ ನಾನು ಖುಷಿಪಡಲಿಲ್ಲ. 2,000 ಎಂಬುದು ಒಂದು ಸೂತ್ರದ ಅಂದಾಜು, ಒಬ್ಬೊಬ್ಬರಲ್ಲಿ ನೂರಿನ್ನೂರು ಆಚೀಚೆ ಆಗುವುದು ಮಾಮೂಲು. ಪಾಸ್ತಾದ 900 ಕೂಡ ನಡುವಿನ ಅಂದಾಜೇ. ಲೇಬಲ್‌ಗಳಿಗೂ ಕಾನೂನು ಒಂದಿಷ್ಟು ಸಡಿಲ ಕೊಡುತ್ತದೆ. ಅಮೆರಿಕದಲ್ಲಿ ನಿಜವಾದ ಕ್ಯಾಲೊರಿ ಲೇಬಲ್ ಅಂಕಿಗಿಂತ ನೂರಕ್ಕೆ 20ರವರೆಗೆ ಹೆಚ್ಚಿದ್ದರೂ ನಡೆಯುತ್ತದೆ. ಕೂಡಿಸಿದ ಉತ್ತರ ಚೆಂದ ಬಂತು ಎಂಬುದು ಸಾಕ್ಷಿ ಆಗುವುದಿಲ್ಲ.

ಹಾಗಾಗಿ ಊಟವನ್ನು ಬದಲಿಸದೆ ಡೈರಿಯನ್ನು ಮಾತ್ರ ಬದಲಿಸಲು ಹೇಳಿದೆ. ಎರಡು ವಾರ ಎಂದಿನಂತೆಯೇ ತಿನ್ನಿ, ಹೊಸ ಎಂಟ್ರಿಗಳಲ್ಲಿ ಬರೆಯಿರಿ, ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ ನೋಡಿಕೊಳ್ಳಿ ಎಂದೆ. "ಇಳಿಸೋಕೆ ಬಂದವಳಿಗೆ ಹೀಗೇ ತಿನ್ನಿ ಅಂತೀರಲ್ಲ" ಎಂದು ಅವರಿಗೆ ಸ್ವಲ್ಪ ಮುನಿಸಾಯಿತು. ಆದರೆ ತಿನ್ನುವುದು ಮತ್ತು ಬರೆಯುವುದು ಎರಡನ್ನೂ ಒಟ್ಟಿಗೆ ಬದಲಿಸಿದರೆ ತೂಕ ಯಾವುದರಿಂದ ಬದಲಾಯಿತು ಎಂದು ತಿಳಿಯುವುದಿಲ್ಲ. ಎರಡು ವಾರದ ಹೊಸ ಡೈರಿಯ ಸರಾಸರಿ 1,980 ಬಂತು. ದಿನದಿಂದ ದಿನಕ್ಕೆ ತೂಕ ಸ್ವಲ್ಪ ಏರಿಳಿದರೂ ಎರಡು ವಾರಗಳ ಸರಾಸರಿಯಲ್ಲಿ ವ್ಯತ್ಯಾಸ ಇರಲಿಲ್ಲ. ಇದನ್ನು ನೋಡಿದ ಮೇಲೆ ಎಂಟ್ರಿಗಳು ಈಗ ಸರಿಯಾಗಿವೆ, ಅವರ ದೇಹವೂ ಸರಿಯಾಗಿಯೇ ಇದೆ ಎಂದು ಧೈರ್ಯವಾಗಿ ಹೇಳಿದೆ.

ಮುಂದೆ ಏನು ಬದಲಿಸಬೇಕೆಂದು ಅವರೇ ನಿರ್ಧರಿಸಿದರು. ಮ್ಯೂಸ್ಲಿ 50 ಗ್ರಾಂಗೆ ಇಳಿಯಿತು, ಬಿಟ್ಟಿದ್ದ ಮೊಸರು ಬೆಳಗಿನ ಬೌಲ್‌ಗೆ ವಾಪಸ್ ಬಂತು. ಪಾಸ್ತಾ ವಾರಕ್ಕೆ ಎರಡು ಸಲವೇ ಉಳಿಯಿತು, ಒಂದು ಡಬ್ಬಿ ಎರಡು ಹೊತ್ತಿಗೆ. ತಕ್ಕಡಿಯನ್ನು ದಿನಾ ಬಳಸುವುದು ಬೇಡ ಎಂದು ನಾನು ಹೇಳಿದ್ದೇನೆ. ತಿನ್ನುವುದರ ಬಗ್ಗೆ ಆತಂಕ ಇರುವವರಿಗೆ, ಹಿಂದೆ ಊಟಕ್ಕೆ ಸಂಬಂಧಿಸಿದ ಕಾಯಿಲೆ ಅನುಭವಿಸಿದವರಿಗೆ ಈ ತೂಗುವ ದಾರಿಯನ್ನು ನಾನು ಹೇಳುವುದೇ ಇಲ್ಲ. ಇವರು ಹೊಸ ಪ್ಯಾಕೆಟ್ ಒಡೆದ ದಿನ ಲೇಬಲ್ ನೋಡುತ್ತಾರೆ, ಆಗೊಮ್ಮೆ ಮ್ಯೂಸ್ಲಿಯನ್ನು ಕೈಯಂದಾಜಿನಲ್ಲಿ ಸುರಿದು ಆಮೇಲೆ ತೂಗುತ್ತಾರೆ. ಹೋದ ಸಲ ನೋಡಿದಾಗ ಕೈಯಂದಾಜು 61 ಗ್ರಾಂಗೆ ಏರಿತ್ತು. ಅದನ್ನು 61 ಎಂದೇ ಬರೆದಿದ್ದರು.